ಮರಳು ಮೊಣಕಾಲಿನ ಮೇಲೆ ಏರುವುದಿಲ್ಲ: ಕಾರವಾರದ ಕಡಲ ದಂಡೆಯಲ್ಲಿ ಮರುಭೂಮಿಯ ಪಾಠ

ಕಾರವಾರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಭೂಗೋಳ ಕಲಿಸುತ್ತೇನೆ. ಗಾಳಿಯ ಸವೆತದ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಒಂದು ಅಣಬೆ ಬಂಡೆ ಬರೆಯುತ್ತಿದ್ದೆ. ಮೇಲೆ ದಪ್ಪ ತಲೆ, ಕೆಳಗೆ ಸಣ್ಣ ಕತ್ತು. "ನೆಲದ ಹತ್ತಿರ ಗಾಳಿಯ ಹೊಡೆತ ಜೋರು, ಅದಕ್ಕೇ ಬುಡ ಸವೆಯುತ್ತದೆ" ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಹಲವು ವರ್ಷ ಹಾಗೇ ನಡೆಯಿತು.

ಒಂದು ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಮೀನುಗಾರರ ಮನೆಯ ಹುಡುಗ. "ಅಕ್ಕೋರೇ, ನೆಲದ ಹತ್ರ ಗಾಳಿ ಕಡಿಮೆ ಇರ್ತದಲ್ಲ? ದೋಣಿ ಮೇಲೆ ನಿಂತ್ರೆ ಗಾಳಿ ಬಡೀತದೆ. ಒಳಗೆ ಮಲಗಿದ್ರೆ ಗೊತ್ತೇ ಆಗೂದಿಲ್ಲ" ಎಂದ.

ಅವನು ಹೇಳಿದ್ದು ಸರಿ. ನೆಲಕ್ಕೆ ಉಜ್ಜಿಕೊಂಡು ಹೋಗುವ ಗಾಳಿ ನಿಧಾನವಾಗುತ್ತದೆ, ಮೇಲೆ ಹೋದಷ್ಟೂ ವೇಗ ಜಾಸ್ತಿ. ಹಾಗಿದ್ದರೆ ಬಂಡೆಯ ತಲೆ ಸವೆಯಬೇಕಿತ್ತು, ಕತ್ತು ಯಾಕೆ ಸವೆಯಿತು? ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. "ನಾಳೆ ಹೇಳ್ತೇನೆ" ಎಂದೆ. ಆ ನಾಳೆ ಬರಲು ಎರಡು ವಾರ ಹಿಡಿಯಿತು.

ಬಂಡೆಯನ್ನು ಸವೆಸುವುದು ಬರೀ ಗಾಳಿಯಲ್ಲ, ಗಾಳಿ ಹೊತ್ತು ತರುವ ಮರಳು. ಒಣಗಿದ ಸಣ್ಣ ಮರಳು ಕದಲಲು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದ ಗಾಳಿ ಸಾಕು. ಆದರೆ ಮರಳು ಧೂಳಿನ ಹಾಗೆ ತೇಲುವುದಿಲ್ಲ, ಕುಪ್ಪಳಿಸುತ್ತದೆ. ಒಂದು ಕಾಳು ಮೇಲೆ ಹಾರುತ್ತದೆ, ಗಾಳಿ ಅದನ್ನು ಮುಂದಕ್ಕೆ ತಳ್ಳುತ್ತದೆ, ಅದು ಓರೆಯಾಗಿ ಬಂದು ನೆಲಕ್ಕೆ ಬಡಿಯುತ್ತದೆ. ಬಡಿದ ಪೆಟ್ಟಿಗೆ ಇನ್ನು ಕೆಲವು ಕಾಳುಗಳು ಎದ್ದು ಹಾರುತ್ತವೆ. ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನೆಯ ಎಂಜಿನಿಯರ್ ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಯಲ್ಲಿ ಕಾರು ಓಡಿಸಿಕೊಂಡು ತಿರುಗಾಡಿದ. ಆಮೇಲೆ 1930ರ ದಶಕದಲ್ಲಿ ಲಂಡನ್ನಿನಲ್ಲಿ ಗಾಳಿ ಸುರಂಗ ಕಟ್ಟಿ ಈ ಕುಪ್ಪಳಿಕೆಯನ್ನೇ ಅಳೆದ. ಮರಳಿನ ಬಹುಪಾಲು ನೆಲದಿಂದ ಅರ್ಧ ಮೀಟರಿನೊಳಗೇ ಓಡುತ್ತದೆ. ಕಲ್ಲು ಹರಳಿನ ಗಟ್ಟಿ ನೆಲದ ಮೇಲೆ ಕಾಳು ಚೆನ್ನಾಗಿ ಪುಟಿಯುವುದರಿಂದ ಸ್ವಲ್ಪ ಮೇಲೇರುತ್ತದೆ. ಆದರೂ ಆಳೆತ್ತರ ದಾಟುವುದು ತೀರಾ ಕಡಿಮೆ.

ಓದಿದ್ದನ್ನು ಹಾಗೇ ಹೇಳಿಬಿಡಲು ಮನಸ್ಸಾಗಲಿಲ್ಲ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮಕ್ಕಳನ್ನು ದಂಡೆಗೆ ಕರೆದುಕೊಂಡು ಹೋದೆ. ಆ ಹೊತ್ತಿಗೆ ಕಡಲ ಗಾಳಿ ಜೋರಾಗಿರುತ್ತದೆ, ಭರತದ ಗೆರೆಯಿಂದ ಮೇಲಿನ ಮರಳು ಪೂರ್ತಿ ಒಣಗಿರುತ್ತದೆ. ಒಂದು ಉದ್ದ ಕೋಲನ್ನು ನೆಟ್ಟೆವು. ಗಾಳಿ ಬರುವ ದಿಕ್ಕಿಗೆ, ಬುಡದಿಂದ ಎದೆಮಟ್ಟದವರೆಗೆ, ಎರಡೂ ಕಡೆ ಅಂಟುವ ಟೇಪ್ ಹಚ್ಚಿದೆವು. ಇಪ್ಪತ್ತು ನಿಮಿಷ ಬಿಟ್ಟು ತೆಗೆದು ನೋಡಿದರೆ ಪಾದದ ಗಂಟಿನವರೆಗೆ ಟೇಪ್ ಕಾಣಿಸುತ್ತಲೇ ಇಲ್ಲ, ಉಪ್ಪುಕಾಗದದ ಹಾಗೆ ಮರಳು ಮೆತ್ತಿದೆ. ಅಲ್ಲಿಂದ ಮೇಲಕ್ಕೆ ವಿರಳ. ಮೊಣಕಾಲಿನ ಹತ್ತಿರ ಎಣಿಸಬಹುದಾದಷ್ಟು ಕಾಳು. ಸೊಂಟದ ಮಟ್ಟದಲ್ಲಿ ಟೇಪ್ ಹೊಳೆಯುತ್ತಿತ್ತು. ನೀರು ತಾಗುವ ಒದ್ದೆ ಮರಳಿನ ಮೇಲೆ ಇನ್ನೊಂದು ಕೋಲು ನೆಟ್ಟಿದ್ದೆವು. ಅಲ್ಲಿ ಗಾಳಿ ಅಷ್ಟೇ ಇದ್ದರೂ ಟೇಪಿಗೆ ಹೆಚ್ಚೇನೂ ಅಂಟಲಿಲ್ಲ. ನೀರು ಕಾಳುಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಮರುಭೂಮಿಯಲ್ಲಿ ಗಾಳಿಯ ಕೆಲಸ ಇಷ್ಟು ನಡೆಯಲು ಒಣ ನೆಲವೇ ಮುಖ್ಯ ಕಾರಣ.

ಈಗ ಅದೇ ಹುಡುಗ ಮತ್ತೊಂದು ಪ್ರಶ್ನೆ ಕೇಳಿದ. "ಬುಡದಲ್ಲೇ ಮರಳು ಜಾಸ್ತಿ ಅಂದ್ರೆ ನೆಲಕ್ಕೆ ತಾಗಿದ ಜಾಗವೇ ಎಲ್ಲಕ್ಕಿಂತ ಸಪೂರ ಆಗ್ಬೇಕು. ಚಿತ್ರದಲ್ಲಿ ಕತ್ತು ಸ್ವಲ್ಪ ಮೇಲೆ ಉಂಟಲ್ಲ?"

ಈ ಸಲ ಓದಿಕೊಂಡು ಹೋಗಿದ್ದೆ. ಕೋಲಿನ ಪಕ್ಕದಲ್ಲೇ ಮರಳಿನ ಮೇಲೆ ಬೆರಳಿನಿಂದ ಲೆಕ್ಕ ಬರೆದೆ. ಕಾಳು ಕೊಡುವ ಪೆಟ್ಟು ಅದರ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟು. ನೆಲಕ್ಕೆ ತಾಗಿದಲ್ಲಿ 100 ಕಾಳು, ವೇಗ 1 ಎಂದು ಇಟ್ಟುಕೊಳ್ಳೋಣ. ಒಟ್ಟು ಪೆಟ್ಟು 100. ಒಂದು ಗೇಣು ಮೇಲೆ ಕಾಳು 40, ಆದರೆ ವೇಗ 2. ಪೆಟ್ಟು 40ರ ನಾಲ್ಕರಷ್ಟು, 160. ಎದೆಮಟ್ಟದಲ್ಲಿ ವೇಗ 3, ಆದರೆ ಕಾಳು ಬರೀ 2. ಪೆಟ್ಟು 18. ಇವು ನಾನು ಸುಮ್ನೆ ಇಟ್ಟುಕೊಂಡ ಅಂಕಿಗಳು, ಆದರೆ ನಡೆಯುವುದು ಹೀಗೆಯೇ. ಕೆಳಗೆ ಮರಳಿದೆ, ವೇಗವಿಲ್ಲ. ಮೇಲೆ ವೇಗವಿದೆ, ಮರಳಿಲ್ಲ. ಎರಡೂ ಸೇರುವ ಎತ್ತರದಲ್ಲಿ ಬಂಡೆ ಅತಿ ಹೆಚ್ಚು ಸವೆಯುತ್ತದೆ. ಕ್ಯಾಲಿಫೋರ್ನಿಯಾದ ಕೊಯಾಚೆಲ್ಲಾ ಕಣಿವೆಯಲ್ಲಿ ಪ್ಲಾಸ್ಟಿಕ್ ಕೋಲುಗಳನ್ನು ನೆಟ್ಟು ವರ್ಷಗಟ್ಟಲೆ ಕಾದು ನೋಡಿದಾಗ, ಹೆಚ್ಚು ಸವೆದಿದ್ದು ನೆಲದಿಂದ ಸುಮಾರು 23 ಸೆಂಟಿಮೀಟರ್ ಎತ್ತರದಲ್ಲಿ. ಅಂದರೆ ಹೆಚ್ಚುಕಡಿಮೆ ಒಂದು ಗೇಣು.

ಹಾಗಂತ ಕತ್ತು ಸಪೂರವಾಗಿರುವ ಬಂಡೆಯೆಲ್ಲ ಗಾಳಿಯದ್ದೇ ಕೆಲಸ ಎಂದುಕೊಳ್ಳಬಾರದು. ಮರುಭೂಮಿಯಲ್ಲೂ ಬಂಡೆಯ ಬುಡಕ್ಕೆ ಇಬ್ಬನಿಯ ತೇವ ಮತ್ತು ನೆಲದ ಉಪ್ಪು ಸೇರಿ ಕಲ್ಲನ್ನು ಪುಡಿ ಮಾಡುತ್ತವೆ. ಮರಳು ಆಮೇಲೆ ಆ ಪುಡಿಯನ್ನು ಕೆರೆದು ಒಯ್ಯುತ್ತದೆ. ಮೇಲಿನ ಪದರ ಗಟ್ಟಿ, ಕೆಳಗಿನದು ಮೆದು ಇದ್ದರೆ ಅಣಬೆಯ ಆಕಾರ ಇನ್ನೂ ಬೇಗ ಬರುತ್ತದೆ. ಬಂಡೆ ನಾಲ್ಕೈದು ಆಳೆತ್ತರ ಇದ್ದು, ಕತ್ತು ಅದರ ನಡುವೆ ಎಲ್ಲೋ ಇದ್ದರೆ, ಈಗಿನ ನೆಲದ ಮರಳು ಅಲ್ಲಿಗೆ ಮುಟ್ಟುವುದಿಲ್ಲ. ಆಗ ಬೇರೆ ಕಾರಣ ಹುಡುಕಬೇಕು. ಈಜಿಪ್ಟಿನ ಫರಾಫ್ರಾ ಹತ್ತಿರದ ಬಿಳಿ ಮರುಭೂಮಿಯ ಸೀಮೆಸುಣ್ಣದ ಕಲ್ಲಿನ ಅಣಬೆಗಳನ್ನು ಫೋಟೋದಲ್ಲಿ ತೋರಿಸುವಾಗ, ಈಗ ನಾನು ಮೊದಲು ಅವುಗಳ ಪಕ್ಕದಲ್ಲಿ ನಿಂತ ಮನುಷ್ಯನನ್ನು ಹುಡುಕಲು ಹೇಳುತ್ತೇನೆ. ಕತ್ತು ಅವನ ಯಾವ ಮಟ್ಟಕ್ಕೆ ಬರುತ್ತದೆ ನೋಡಿ ಎನ್ನುತ್ತೇನೆ.

ಮಕ್ಕಳು ಯಾಣದ ಬಂಡೆಯನ್ನೂ ಕೇಳುತ್ತಾರೆ. ಯಾಣ ಸುಣ್ಣದ ಕಲ್ಲು, ಅದನ್ನು ಕೊರೆದಿದ್ದು ಮಳೆ ನೀರು. ನಮ್ಮ ದಂಡೆಯ ಕೆಲವು ಬಂಡೆಗಳ ಬುಡ ಒಳಸರಿದಿರುತ್ತದಲ್ಲ, ಅದು ಅಲೆಯ ಕೆಲಸ. ಅಲ್ಲಿ ಸವೆದ ಗೆರೆ ಭರತದ ಗೆರೆಯ ಜೊತೆಗೇ ಹೋಗುತ್ತದೆ.

ದಂಡೆಗೆ ಬಂದಿದ್ದೇವೆ, ಮರಳು ದಿಬ್ಬದ ಪಾಠವನ್ನೂ ಇಲ್ಲೇ ಮಾಡೋಣ ಅನ್ನಿಸಿತು. ಒಣ ಮರಳನ್ನು ಬೊಗಸೆಯಿಂದ ಒಂದೇ ಜಾಗಕ್ಕೆ ಸುರಿಯಲು ಹೇಳಿದೆ. ರಾಶಿ ಬೆಳೆಯುತ್ತದೆ, ಒಂದು ಹಂತದ ನಂತರ ಹಾಕಿದ್ದೆಲ್ಲ ಜಾರಿ ಕೆಳಗೆ ಬರುತ್ತದೆ. ಕಂಪಾಸ್ ಬಾಕ್ಸಿನ ಕೋನಮಾಪಕ ಹಿಡಿದು ನೋಡಿದೆವು. 33 ಡಿಗ್ರಿಯ ಹತ್ತಿರ. ಎಷ್ಟು ಸಲ ಸುರಿದರೂ ಅಲ್ಲೇ ನಿಲ್ಲುತ್ತದೆ. ಅರ್ಧಚಂದ್ರದ ಆಕಾರದ ಬರ್ಖಾನ್ ದಿಬ್ಬದ ಒಳಮುಖ ಇದೇ ಇಳಿಜಾರು. ಗಾಳಿ ಬರುವ ಬೆನ್ನಿನ ಕಡೆ ಮಾತ್ರ ನಿಧಾನದ ಏರು, 15 ಡಿಗ್ರಿ ದಾಟುವುದು ಅಪರೂಪ. ಕಾಳು ಬೆನ್ನಿನ ಮೇಲೆ ಕುಪ್ಪಳಿಸುತ್ತ ತುದಿಗೆ ಬರುತ್ತದೆ, ಆಚೆ ಗಾಳಿಯ ಮರೆ ಸಿಕ್ಕಿ ಬೀಳುತ್ತದೆ, ರಾಶಿಯಾಗಿ ಜಾರುತ್ತದೆ. ಹಿಂದಿನಿಂದ ತೆಗೆದು ಮುಂದಕ್ಕೆ ಹಾಕುತ್ತ ಇಡೀ ದಿಬ್ಬವೇ ನಡೆಯುತ್ತದೆ.

ಎಲ್ಲರೂ ತಪ್ಪುವುದು ಕೊಂಬುಗಳಲ್ಲಿ. ಉತ್ತರ ಪತ್ರಿಕೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಕೊಂಬುಗಳನ್ನು ಗಾಳಿಗೆ ಎದುರಾಗಿ ಬರೆಯುತ್ತಾರೆ. ಹೋರಿ ಕೊಂಬು ಮುಂದೆ ಮಾಡಿ ನುಗ್ಗುವುದನ್ನು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ನಿಜದಲ್ಲಿ ಕೊಂಬುಗಳು ಗಾಳಿ ಹೋಗುವ ಕಡೆಗೇ ಚಾಚಿರುತ್ತವೆ. ಯಾಕೆ ಎಂದು ಇಷ್ಟು ವರ್ಷ ನಾನು ಹೇಳಿರಲಿಲ್ಲ, "ನೆನಪಿಟ್ಟುಕೊಳ್ಳಿ" ಎಂದಷ್ಟೇ ಹೇಳಿದ್ದೆ. ಕಾರಣ ಒಂದು ಭಾಗಾಕಾರದಲ್ಲಿದೆ.

ದಿಬ್ಬದ ಒಂದು ಮೀಟರ್ ಅಗಲದ ಪಟ್ಟಿಯನ್ನು ತೆಗೆದುಕೊಳ್ಳಿ. ವರ್ಷಕ್ಕೆ 100 ಘನ ಮೀಟರ್ ಮರಳು ಅದರ ತುದಿ ದಾಟಿ ಆಚೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿ ದಿಬ್ಬದ ಎತ್ತರ 10 ಮೀಟರ್ ಇದ್ದರೆ ಆ ಮರಳು ಮುಖವನ್ನು 10 ಮೀಟರ್ ಮುಂದೆ ತಳ್ಳುತ್ತದೆ. ಎತ್ತರ 5 ಮೀಟರ್ ಇದ್ದರೆ ಅಷ್ಟೇ ಮರಳಿಗೆ ದಿಬ್ಬ 20 ಮೀಟರ್ ಮುಂದೆ ಹೋಗುತ್ತದೆ. ಗಿಡ್ಡ ದಿಬ್ಬ ಬೇಗ ನಡೆಯುತ್ತದೆ, ಎತ್ತರದ್ದು ನಿಧಾನ. ಒಂದೇ ದಿಬ್ಬದಲ್ಲಿ ನಡುಭಾಗ ಎತ್ತರ, ಎರಡು ಅಂಚು ಗಿಡ್ಡ. ಹಾಗಾಗಿ ಅಂಚುಗಳು ಮುಂದೆ ಓಡುತ್ತವೆ, ನಡು ಹಿಂದೆ ಉಳಿಯುತ್ತದೆ. ಅದೇ ಕೊಂಬು.

"ಹಾಗಾದ್ರೆ ಕೊಂಬು ಉದ್ದ ಆಗ್ತಾನೇ ಹೋಗ್ಬೇಕಲ್ಲ ಅಕ್ಕೋರೇ?" ಎಂದು ಒಬ್ಬಳು ಕೇಳಿದಳು. ನನಗೆ ತುಂಬಾ ಖುಷಿಯಾಯಿತು. ಹಾಗೆ ಆಗುವುದಿಲ್ಲ, ಯಾಕೆಂದರೆ ಮರಳನ್ನು ಹಿಡಿದಿಡುವುದು ಜಾರುವ ಒಳಮುಖ ಮಾತ್ರ. ಕೊಂಬಿನ ತುದಿಯಲ್ಲಿ ಆ ಮುಖ ಇಲ್ಲ, ಗಾಳಿಯ ಮರೆಯೂ ಇಲ್ಲ. ಅಲ್ಲಿಂದ ಮರಳು ಸೋರಿ ಗಟ್ಟಿ ನೆಲದ ಮೇಲೆ ಓಡಿಹೋಗುತ್ತದೆ, ಮುಂದಿನ ದಿಬ್ಬಕ್ಕೆ ಸೇರುತ್ತದೆ. ಹೀಗೆ ಕೊಂಬು ಒಂದು ಅಳತೆಯಲ್ಲಿ ನಿಲ್ಲುತ್ತದೆ.

ಇದಕ್ಕೆಲ್ಲ ಮೂರು ಸಂಗತಿ ಕೂಡಿ ಬರಬೇಕು. ಗಾಳಿ ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ ಬೀಸಬೇಕು, ನೆಲ ಗಟ್ಟಿ ಇರಬೇಕು, ಮರಳು ಕಡಿಮೆ ಇರಬೇಕು. ಈ ಕೊನೆಯದು ಕೇಳಿ ಮಕ್ಕಳಿಗೆ ಆಶ್ಚರ್ಯ. ಮರಳು ಧಾರಾಳ ಇದ್ದರೆ ದಿಬ್ಬಗಳು ಒಂದಕ್ಕೊಂದು ಸೇರಿ ಅಡ್ಡ ಏಣುಗಳಾಗುತ್ತವೆ, ಬಿಡಿಬಿಡಿ ಚಂದ್ರಗಳು ಉಳಿಯುವುದಿಲ್ಲ.

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಕೊಲ್ಲಿ ದೇಶದಲ್ಲಿರುತ್ತಾರೆ. ಒಬ್ಬ ಹುಡುಗಿಯ ಮಾಮ ಕತಾರಿನಲ್ಲಿದ್ದಾರೆ. ದೋಹಾದ ದಕ್ಷಿಣಕ್ಕೆ, ಮೆಸಯೀದ್ ಕಡೆ ಇಂಥ ದಿಬ್ಬಗಳಿವೆ. ಉಪಗ್ರಹ ಚಿತ್ರದಲ್ಲಿ ಆ ಜಾಗ ತೆರೆದು, ಗಾಳಿ ಯಾವ ಕಡೆಯಿಂದ ಎಂದು ಮಕ್ಕಳನ್ನೇ ಕೇಳಿದೆ. ಕೊಂಬುಗಳು ಆಗ್ನೇಯಕ್ಕೆ ಚಾಚಿದ್ದವು. ಅಂದರೆ ಗಾಳಿ ವಾಯವ್ಯದಿಂದ ಎಂದರು. ಆ ಸಂಜೆ ಹುಡುಗಿ ಮಾಮನಿಗೆ ಫೋನ್ ಮಾಡಿ ಕೇಳಿದಳಂತೆ. ಅಲ್ಲಿ ಬೀಸುವ ಗಾಳಿಗೆ ಶಮಾಲ್ ಎಂದು ಹೆಸರು, ಬರುವುದು ವಾಯವ್ಯದಿಂದಲೇ.

ಕೊಂಬು ಒಂದನ್ನೇ ನೋಡಿ ದಿಕ್ಕು ಹೇಳಿದರೆ ತಪ್ಪಾಗಬಹುದು, ಅದನ್ನು ಮುಂದಿನ ವಾರ ತೋರಿಸಿದೆ. ನಮ್ಮ ಥಾರ್ ಮರುಭೂಮಿಯಲ್ಲಿ ಬರ್ಖಾನ್ ಉಂಟು, ಆದರೆ ತೋಳುಗಳು ಗಾಳಿ ಬರುವ ಕಡೆಗೇ ಉಳಿದುಕೊಂಡ ದಿಬ್ಬಗಳು ಅಲ್ಲಿ ಬಹಳ. ಎರಡೂ ಮೇಲಿನಿಂದ ಅರ್ಧಚಂದ್ರದ ಹಾಗೇ ಕಾಣುತ್ತವೆ. ಜಾರುವ ಮುಖ ಹುಡುಕಬೇಕು. ಅದು ಚಂದ್ರನ ಒಳಬದಿಗಿದ್ದರೆ ಬರ್ಖಾನ್, ಹೊರಬದಿಗಿದ್ದರೆ ಇನ್ನೊಂದು ಜಾತಿ. ಎರಡಕ್ಕೂ ಗಾಳಿ ಜಾರುವ ಮುಖದ ಕಡೆಗೇ ಹೋಗುತ್ತದೆ.

ಅಲ್ಲಿ ಗಿಡ್ಡ ಅಂಚುಗಳು ಯಾಕೆ ಮುಂದೆ ಓಡಲಿಲ್ಲ ಎಂದು ಕೇಳಿದೆ. ತರಗತಿ ಸುಮ್ಮನಿತ್ತು. ಹಿಂದಿನ ಬೆಂಚಿನ ಹುಡುಗನೇ ಎದ್ದ. ದಂಡೆಯಲ್ಲಿ ನೇರಳೆ ಹೂ ಬಿಡುವ ಬಳ್ಳಿ ಹಬ್ಬಿರುತ್ತದಲ್ಲ, ಅದರ ಬುಡದ ಮರಳು ಎಷ್ಟು ಗಾಳಿ ಬಂದರೂ ಕದಲುವುದಿಲ್ಲ ಎಂದ. "ಅಂಚಿನಲ್ಲಿ ಮರಳು ಕಡಿಮೆ ಅಲ್ವಾ ಅಕ್ಕೋರೇ, ಅಲ್ಲಿ ಗಿಡ ಬೇರು ಬಿಟ್ಟು ಹಿಡ್ಕೊಂಡಿರ್ತದೆ. ನಡುವಿನದು ಮಾತ್ರ ಮುಂದೆ ಹೋಗಿರ್ತದೆ."