ರೇಟು ಕೇಳಿದರೆ ಜಾತಕ ಕೇಳಿದೆವು

"ರೇಟು ಹೇಳ್ತೀವಿ ಅಂತ ಕರೆದು ನನ್ನ ಜಾತಕ ಕೇಳ್ತೀರಲ್ಲಪ್ಪಾ?"

ಹೋದ ವಾರ ಸೋಮವಾರ ಕುವೆಂಪುನಗರದ ನಿವೃತ್ತ ಟೀಚರೊಬ್ಬರು ಫೋನ್ ಮಾಡಿ ಹೀಗಂದರು. ನಾನು ಮೈಸೂರಿನ ಒಂದು ಸೋಲಾರ್ ಅಂಗಡಿಯ ಜಾಹೀರಾತು ನೋಡಿಕೊಳ್ಳುತ್ತೇನೆ. ಅವರು ಬೈದಿದ್ದರೆ ಮರೆತುಬಿಡುತ್ತಿದ್ದೆ. ಬೇಸರದಿಂದ ಕೇಳಿದರು, ಅದು ನಾಟಿತು.

ರಾತ್ರಿ ನಮ್ಮದೇ ಜಾಹೀರಾತನ್ನು ಮೊಬೈಲಿನಲ್ಲಿ ಒತ್ತಿ ನೋಡಿದೆ. "3 ಕಿಲೋವ್ಯಾಟ್ ಸೋಲಾರ್. 78,000 ರೂಪಾಯಿ ಸಬ್ಸಿಡಿ ಕಳೆದು ನಿಮಗೆಷ್ಟು ಬೀಳುತ್ತೆ? ಒಂದೇ ನಿಮಿಷದಲ್ಲಿ ತಿಳಿಯಿರಿ." ಒತ್ತಿದರೆ ತೆರೆದ ಪುಟದ ಮೇಲೆ ದೊಡ್ಡದಾಗಿ "ನಂಬಿಕೆಗೆ ಇನ್ನೊಂದು ಹೆಸರು". ಸಬ್ಸಿಡಿಯ ಮಾತೇ ಇಲ್ಲ. ಕೆಳಗೆ ಹನ್ನೊಂದು ಪ್ರಶ್ನೆಗಳ ಫಾರಂ. ಅದರಲ್ಲಿ ಕರೆಂಟ್ ಬಿಲ್ಲಿನ ಆರ್.ಆರ್. ನಂಬರ್ ಬೇರೆ! ಬಸ್ಸಿನಲ್ಲಿ ಕೂತು ಮೊಬೈಲ್ ನೋಡುವವರಿಗೆ ಅದು ಎಲ್ಲಿಂದ ನೆನಪಿರಬೇಕು?

ಲೆಕ್ಕ ತೆಗೆದೆ. ಜಾಹೀರಾತು ಒತ್ತಿ ಬಂದವರು 412 ಜನ. ಫಾರಂ ಮುಟ್ಟಿದವರು 50. ಪೂರ್ತಿ ತುಂಬಿದವರು 7. ನಾನು ಇಷ್ಟು ದಿನ ಆ ಕೊನೆಯ 7 ಮಾತ್ರ ನೋಡುತ್ತಿದ್ದೆ. ನಡುವಿನ 50 ನೋಡಬೇಕಿತ್ತು. ಫಾರಂ ಮುಟ್ಟದೆಯೇ ಹೋದವರು ತಾವು ಕೇಳಿದ್ದು ಆ ಪುಟದಲ್ಲಿ ಕಾಣದೆ ಹೋಗಿರಬೇಕು. ತುಂಬಲು ಶುರು ಮಾಡಿ ಬಿಟ್ಟವರಿಗೆ ಫಾರಂ ಬೇಸರ ತರಿಸಿದೆ. ಎರಡೂ ಬೇರೆ ಬೇರೆ ಕಾಯಿಲೆ.

ಹಾಗಾಗಿ ಎರಡನ್ನೂ ಒಟ್ಟಿಗೆ ಮುಟ್ಟಲಿಲ್ಲ. ಅಂದೇ ಪುಟದ ತಲೆಬರಹ ಬದಲಿಸಿ ಜಾಹೀರಾತಿನ ಅದೇ ವಾಕ್ಯ ಹಾಕಿದೆ. ಕೆಳಗೆ ಸಬ್ಸಿಡಿ ಕಳೆದ ಅಂದಾಜು ಬೆಲೆ. ಶುಕ್ರವಾರದ ಹೊತ್ತಿಗೆ ಬಂದ 200 ಜನರಲ್ಲಿ 58 ಮಂದಿ ಫಾರಂ ಮುಟ್ಟಿದ್ದರು. ತುಂಬಿದವರು ಮಾತ್ರ 8. ಹೆಚ್ಚಿನವರು ಆರ್.ಆರ್. ನಂಬರ್ ಹತ್ತಿರವೇ ನಿಂತಿದ್ದರು.

ಫಾರಂ ಚಿಕ್ಕದು ಮಾಡೋಣ ಅಂದರೆ ಮಾಲೀಕರು ಒಪ್ಪಲಿಲ್ಲ. ಒಳ್ಳೆ ಮನುಷ್ಯ, ಹಟಮಾರಿ. ಆದರೆ ಅವರ ಮಾತಿನಲ್ಲಿ ನ್ಯಾಯವಿತ್ತು. "ಸುಮ್ನೆ ಫೋನ್ ನಂಬರ್ ಮಾತ್ರ ತಗೊಂಡ್ರೆ ಬಾಡಿಗೆ ಮನೆಯವರೂ ತುಂಬ್ತಾರೆ. ನಮ್ಮ ಹುಡುಗರು ಬಿಸಿಲಲ್ಲಿ ಸುತ್ತಿ ವಾಪಸ್ ಬರಬೇಕು, ಅಲ್ವಾ?" ಅದಕ್ಕೇ ಮೂರು ಪ್ರಶ್ನೆ ಉಳಿಸಿದೆವು. ಮನೆ ಸ್ವಂತದ್ದಾ? ತಿಂಗಳ ಕರೆಂಟ್ ಬಿಲ್ ಎಷ್ಟು ಬರುತ್ತೆ? ಫೋನ್ ನಂಬರ್. ಎಷ್ಟು ಕಿಲೋವ್ಯಾಟ್ ಬೇಕು ಅನ್ನೋ ಅಂದಾಜಿಗೆ ಬಿಲ್ಲಿನ ಮೊತ್ತ ಸಾಕು. "ಕಳುಹಿಸಿ" ಅಂತಿದ್ದ ಬಟನ್ನಿಗೆ "ನನಗೆಷ್ಟು ಬೀಳುತ್ತೆ ತಿಳಿಸಿ" ಅಂತ ಬರೆದೆ.

ಮುಂದಿನ ನಾಲ್ಕು ದಿನದಲ್ಲಿ 190 ಜನ ಬಂದರು, 24 ಮಂದಿ ತುಂಬಿದರು. ಅವರಲ್ಲಿ 5 ಮಂದಿ ಬಾಡಿಗೆ ಮನೆಯವರು. ಅವರ ಮನೆಗೆ ಹುಡುಗರನ್ನು ಕಳಿಸಲಿಲ್ಲ. ಇಷ್ಟು ಚಿಕ್ಕ ಲೆಕ್ಕ ಇಟ್ಟುಕೊಂಡು ಗೆದ್ದೆ ಅನ್ನಲಾರೆ, ಇನ್ನೂ ಎರಡು ವಾರ ನೋಡುತ್ತೇನೆ.

ಟೀಚರಮ್ಮನಿಗೆ ನಾನೇ ಫೋನ್ ಮಾಡಿ ಅಂದಾಜು ಹೇಳಿದ್ದೆ. ನಿನ್ನೆ ನಮ್ಮ ಹುಡುಗ ಅವರ ತಾರಸಿ ಅಳೆದು ಬಂದ. ಆರ್.ಆರ್. ನಂಬರ್ ಕೇಳುವ ಮೊದಲೇ ಕರೆಂಟ್ ಬಿಲ್ ತಂದು ಕೈಗಿಟ್ಟರಂತೆ.