ರಾಜ್ಯೋತ್ಸವದ ಎರಡು ನಿಮಿಷದ ಭಾಷಣ

ಐದನೇ ಕ್ಲಾಸಿನ ಮಗು ರಾಜ್ಯೋತ್ಸವದ ಭಾಷಣದಲ್ಲಿ ತಡವರಿಸುವುದು ಸಾಮಾನ್ಯವಾಗಿ ‘ಹರಿದು ಹಂಚಿಹೋಗಿದ್ದ ಕನ್ನಡ ನಾಡಿನ ಏಕೀಕರಣ’ ಎನ್ನುವಂಥ ಸಾಲಿನಲ್ಲೇ. ಅದು ಮರೆವಲ್ಲ, ಮಾತು ಮಗುವಿನದಲ್ಲ ಅಷ್ಟೆ. ಅದನ್ನೇ ಹೀಗೆ ಬರೆದುಕೊಡಿ:

“ನಮ್ಮ ಮುತ್ತಜ್ಜ ಮುತ್ತಜ್ಜಿ ಚಿಕ್ಕವರಿದ್ದಾಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಮಂಗಳೂರು ಮದ್ರಾಸಿಗೆ ಸೇರಿತ್ತು. ರಾಯಚೂರು ಹೈದರಾಬಾದಿಗೆ ಸೇರಿತ್ತು. ಎಲ್ಲ ಕಡೆಯೂ ಕನ್ನಡ ಮಾತಾಡುವವರಿದ್ದರು. 1956ರ ನವೆಂಬರ್ 1ರಂದು ಈ ಊರುಗಳೆಲ್ಲ ಒಂದೇ ರಾಜ್ಯಕ್ಕೆ ಬಂದವು. ಆಗ ಹೆಸರು ಮೈಸೂರು. ಕರ್ನಾಟಕ ಅಂತ ಆಗಿದ್ದು 1973ರಲ್ಲಿ.”

ಒಂದು ಸಾಲಿಗೆ ಒಂದೇ ಸಂಗತಿ, ಒಂದೇ ಉಸಿರು. ಧಾರವಾಡದ ಬದಲು ಮಗುವಿನ ಸ್ವಂತ ಊರು, ಅದು ಆಗ ಯಾವ ಕಡೆಗಿತ್ತು ಅನ್ನುವುದನ್ನು ಹಾಕಿದರಂತೂ ಆ ಸಾಲು ಮರೆಯುವುದೇ ಇಲ್ಲ. ಇಸವಿ ಎರಡೇ ಸಾಕು, ಮೂರನೆಯದು ಸೇರಿದರೆ ಅದಲುಬದಲಾಗುತ್ತದೆ.

ಬರೆದದ್ದನ್ನು ಕೈಗೆ ಕೊಡುವ ಮೊದಲು ಬಾಯಲ್ಲಿ ಹೇಳಿಸಿ. ಮಗು ‘ಸೇರಿತ್ತು’ ಬಿಟ್ಟು ‘ಇತ್ತು’ ಅಂದರೆ ತಿದ್ದಬೇಡಿ, ಹಾಳೆಯಲ್ಲೇ ಬದಲಿಸಿ. ಎರಡು ನಿಮಿಷದ ಸ್ಪರ್ಧೆಗೆ ಮನೆಯಲ್ಲಿ ಒಂದೂಮುಕ್ಕಾಲು ನಿಮಿಷಕ್ಕೆ ಮುಗಿಯಲಿ. ವೇದಿಕೆ ಹತ್ತಿ ಮೈಕ್ ಸರಿಮಾಡಿಕೊಳ್ಳುವುದಕ್ಕೇ ಉಳಿದ ಹೊತ್ತು ಬೇಕು.