ಇಮಾಮರು ಎದುರಿಗಿದ್ದಾಗಲೇ ಉತ್ತರಗಳು ಮೂರಾಗಿದ್ದವು

"ಕೇಳೋಕೆ ಇಮಾಮರೇ ಇದ್ದರಲ್ಲ, ಮತ್ತೆ ಶಿಯಾ ಕಾನೂನಿನಲ್ಲಿ ಇಷ್ಟೊಂದು ಭಿನ್ನಾಭಿಪ್ರಾಯ ಯಾಕೆ?"

ಹೀಗೆ ಯಾರಾದರೂ ಕೇಳಿದರೆ ನಾನು ಯಾವಾಗಲೂ ಝುರಾರನಿಂದ ಶುರು ಮಾಡುತ್ತೇನೆ. ಇಲ್ಲಿ ಇಮಾಮ್ ಎಂದರೆ ಮಸೀದಿಯಲ್ಲಿ ನಮಾಜು ಮಾಡಿಸುವವರಲ್ಲ, ಪ್ರವಾದಿಗಳ ವಂಶದಲ್ಲಿ ಬಂದ, ಶಿಯಾಗಳು ಧರ್ಮದ ಗುರುಗಳೆಂದು ನಂಬುವ ಹನ್ನೆರಡು ಮಂದಿ. ಇವನು ಕೂಫಾ ಊರಿನವನು, ಐದನೇ ಇಮಾಮ್ ಮುಹಮ್ಮದ್ ಬಾಕಿರ್ ಅವರ ಶಿಷ್ಯ. ಒಮ್ಮೆ ಅವರ ಹತ್ತಿರ ಒಂದು ವಿಷಯ ಕೇಳಿ ಉತ್ತರ ಪಡೆದ. ಅಷ್ಟರಲ್ಲಿ ಇನ್ನೊಬ್ಬ ಬಂದು ಅದನ್ನೇ ಕೇಳಿದ, ಅವನಿಗೆ ಬೇರೆ ಉತ್ತರ. ಮೂರನೆಯವನಿಗೆ ಮತ್ತೊಂದು. ಆಮೇಲೆ ಬಂದ ಆ ಇಬ್ಬರೂ ಎದ್ದು ಹೋದಮೇಲೆ ಝುರಾರ ತಡೆಯಲಾರದೆ ಕೇಳೇಬಿಟ್ಟ: ಇಬ್ಬರೂ ಇರಾಕಿನ ನಿಮ್ಮವರೇ, ಹೀಗೇಕೆ ಮಾಡಿದಿರಿ? ಇಮಾಮರು ಹೇಳಿದ್ದು, ನೀವೆಲ್ಲ ಒಂದೇ ಮಾತು ಆಡಿದರೆ ಜನ ನಿಮ್ಮನ್ನು ನಮ್ಮವರೆಂದು ಗುರುತು ಹಿಡಿಯುತ್ತಾರೆ, ಆಗ ನಾವೂ ಉಳಿಯುವುದಿಲ್ಲ, ನೀವೂ ಉಳಿಯುವುದಿಲ್ಲ. ಜೀವ ಉಳಿಸಿಕೊಳ್ಳಲು ನಿಜವನ್ನು ಮರೆಮಾಡುವ ಈ ಪದ್ಧತಿಗೆ ತಕಿಯ್ಯಾ ಎನ್ನುತ್ತಾರೆ. ಈ ಪ್ರಸಂಗವನ್ನು 'ಅಲ್ ಕಾಫಿ' ಎಂಬ ಶಿಯಾಗಳ ದೊಡ್ಡ ಹದೀಸ್ ಸಂಗ್ರಹವೇ, ಅಂದರೆ ಪ್ರವಾದಿ ಮತ್ತು ಇಮಾಮರ ಮಾತುಗಳ ಸಂಗ್ರಹವೇ, ಮುಚ್ಚಿಡದೆ ಹೇಳುತ್ತದೆ. ನನಗೆ ಅದು ಬಹಳ ಮೆಚ್ಚಿಗೆಯ ವಿಷಯ.

ಬಾಕಿರ್ ಅವರ ಮಗ ಜಾಫರ್ ಸಾದಿಕ್ ತೀರಿಕೊಂಡದ್ದು 765ರಲ್ಲಿ. ಶಿಯಾ ಕಾನೂನಿನ ಜಾಫರಿ ಪಂಥಕ್ಕೆ ಹೆಸರು ಬಂದದ್ದು ಅವರಿಂದಲೇ. ಇಮಾಮರು ಇದ್ದದ್ದು ಮದೀನಾದಲ್ಲಿ, ಶಿಷ್ಯರು ಜಾಸ್ತಿ ಇದ್ದದ್ದು ದೂರದ ಕೂಫಾದಲ್ಲಿ. ಕೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದರು, ಒಬ್ಬನ ಪುಸ್ತಕ ಇನ್ನೊಬ್ಬನದಕ್ಕೆ ತಾಳೆಯಾಗುತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಉಮರ್ ಇಬ್ನ್ ಹಂಝಲ ಎಂಬ ಶಿಷ್ಯ ಇದನ್ನೇ ಸಾದಿಕ್ ಅವರನ್ನು ಬಿಡದೆ ಕೇಳಿದ. ಸಾಲದ ಬಗ್ಗೆಯೋ ಆಸ್ತಿಯ ಬಗ್ಗೆಯೋ ಇಬ್ಬರಿಗೆ ಜಗಳ, ತೀರ್ಪು ಹೇಳಲು ಇಬ್ಬರು ತಿಳಿದವರನ್ನು ಆರಿಸಿಕೊಂಡಿದ್ದಾರೆ, ಆ ಇಬ್ಬರೂ ನಿಮ್ಮ ಹೆಸರಲ್ಲೇ ಬೇರೆ ಬೇರೆ ಮಾತು ಹೇಳುತ್ತಾರೆ ಅಂದುಕೊಳ್ಳಿ. ಹೆಚ್ಚು ತಿಳಿದ, ಹೆಚ್ಚು ನ್ಯಾಯವಂತನ ಮಾತು ಹಿಡಿಯಿರಿ ಎಂದರು. ಇಬ್ಬರೂ ಸಮ ಇದ್ದರೆ? ನಮ್ಮವರೆಲ್ಲ ಒಪ್ಪಿರುವ ಹದೀಸ್ ತೆಗೆದುಕೊಳ್ಳಿ. ಎರಡೂ ಹೆಸರಾದವೇ ಆಗಿದ್ದರೆ? ಖುರಾನಿಗೆ ಹೊಂದುವುದು, ಸುನ್ನಿಗಳ ಮಾತಿಗೆ ಹೊಂದದ್ದು ಯಾವುದೋ ಅದು. (ತಕಿಯ್ಯಾದಿಂದ ಹೇಳಿದ್ದು ಸುನ್ನಿ ತೀರ್ಪಿನಂತೆ ಕಾಣುತ್ತದೆ ಅಲ್ವಾ, ಅದಕ್ಕೆ.) ಅದರಲ್ಲೂ ಬಗೆಹರಿಯದಿದ್ದರೆ ನಿಮ್ಮ ಇಮಾಮರನ್ನು ನೋಡುವವರೆಗೆ ಕಾಯಿರಿ.

ಈ ಕೊನೆಯ ಮಾತೇ ಮುಂದೆ ಕಷ್ಟ ಕೊಟ್ಟದ್ದು. 874ರಲ್ಲಿ ಹನ್ನೊಂದನೇ ಇಮಾಮರು ತೀರಿಕೊಂಡರು, ಹನ್ನೆರಡನೆಯವರು ಮರೆಯಾಗಿದ್ದಾರೆ ಎಂಬುದು ಶಿಯಾಗಳ ನಂಬಿಕೆ. ಇನ್ನು ಹೋಗಿ ಕೇಳುವುದು ಯಾರನ್ನು? 'ಅಲ್ ಕಾಫಿ' ಬರೆದ ಕುಲೈನಿ, ಹೀಗೆ ಸಿಕ್ಕಿಬಿದ್ದಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದೇ ಸುರಕ್ಷಿತ ಎಂದು ಮುನ್ನುಡಿಯಲ್ಲಿ ಬರೆದ. 1067ರಲ್ಲಿ ತೀರಿಕೊಂಡ ಶಿಯಾ ವಿದ್ವಾಂಸ ತೂಸಿ, ಹೊಂದದ ಹದೀಸುಗಳನ್ನು ಹೊಂದಿಸಲೆಂದೇ ಒಂದು ಪುಸ್ತಕ ಬರೆದ. ಸುನ್ನಿ ಕಾನೂನು ಪಂಥಗಳ ಮೂಲಪುರುಷರಾದ ಅಬೂ ಹನೀಫಾ, ಶಾಫಿಈ, ಮಾಲಿಕ್ ಇವರ ನಡುವಿನ ವ್ಯತ್ಯಾಸಕ್ಕಿಂತ ನಮ್ಮವರೊಳಗಿನ ವ್ಯತ್ಯಾಸವೇ ದೊಡ್ಡದು ಎಂದು ಒಪ್ಪಿಕೊಂಡವನೂ ಅವನೇ. ಆದರೂ ಆ ಕಾರಣಕ್ಕೆ ನಮ್ಮಲ್ಲಿ ಯಾರೂ ಯಾರ ಜೊತೆಗೂ ಸಂಬಂಧ ಕಡಿದುಕೊಳ್ಳಲಿಲ್ಲ ಎಂದೂ ಅಲ್ಲೇ ಸೇರಿಸಿದ್ದಾನೆ.